ಪಾರ್ಶ್ವಾಭ್ಯುದಯದ ಮೊದಲ ಪದ್ಯಗಳು: ಅನ್ವಯದಿಂದ ತಿಳಿಯುವ ಕರ್ತೃ-ಕರ್ಮ ವಿಚಾರ

ಭೀಮಾ ಕೃಷ್ಣೆಗಳ ನಡುವಣ ವಡಗೇರಾ ಸೀಮೆಗೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಬಹು ದೂರದ್ದಲ್ಲ. ಮಳಖೇಡದ ಬಳಿ ಹರಿಯುವ ಕಾಗಿಣಾ ನದಿಯು ಭೀಮೆಯನ್ನು ಕೂಡಿಕೊಂಡು ಈ ಸೀಮೆಯ ಕಡೆಗೇ ಬರುತ್ತದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಆ ದೊರೆಯ ಪರಮಗುರುಗಳೆನಿಸಿದ ಭಗವಜ್ಜಿನಸೇನಾಚಾರ್ಯರು ರಚಿಸಿದ ಪಾರ್ಶ್ವಾಭ್ಯುದಯವೆಂಬ ಸಂಸ್ಕೃತ ಕಾವ್ಯವು ಜೈನ ವಿದ್ವಾಂಸರಿಗೆ ಪರಿಚಿತವಾದುದೇ ಆಗಿದೆ. ನಾಲ್ಕು ಸರ್ಗಗಳ, 364 ಮಂದಾಕ್ರಾಂತಾ ಪದ್ಯಗಳ ಈ ಕಾವ್ಯದಲ್ಲಿ ಕಾಳಿದಾಸನ ಮೇಘದೂತವು ಆದ್ಯಂತವಾಗಿ ಅಡಕವಾಗಿದೆ. ಒಂದು ಪದ್ಯದಲ್ಲಿ ಮೇಘದೂತದ ಒಂದು ಪಾದವನ್ನೋ ಎರಡು ಪಾದಗಳನ್ನೋ ಇರಿಸಿಕೊಂಡು, ಉಳಿದ ಪಾದಗಳನ್ನು ಕವಿಯು ತಾನೇ ರಚಿಸಿದ್ದಾನೆ. ಅಲ್ಲಿ ವಿರಹಿಯಾದ ಯಕ್ಷನ ಮಾತಾಗಿದ್ದುದು ಇಲ್ಲಿ ಧ್ಯಾನಸ್ಥನಾದ ಪಾರ್ಶ್ವನಾಥನ ಮುಂದೆ ನಿಂತ ಶಂಬರಾಸುರನ ಕಥೆಗೆ ಹೊಂದಿಕೊಂಡಿದೆ.

ಈ ಕಾವ್ಯದ ವಿಷಯದಲ್ಲಿ ಎರಡು ಬಗೆಯ ಮಾತುಗಳನ್ನು ಕೇಳುತ್ತೇವೆ. ಇದು ಅಸಾಧಾರಣ ಪಾಂಡಿತ್ಯದ ಕೃತಿ ಎಂಬುದು ಒಂದು. ಪರಕೀಯ ಪಾದಗಳನ್ನು ಬಲಾತ್ಕಾರವಾಗಿ ಎಳೆದು ತಂದುದರಿಂದ ಇದು ಕ್ಲಿಷ್ಟವಾಗಿದೆ ಎಂಬುದು ಇನ್ನೊಂದು. ಎರಡನ್ನೂ ಸಾಮಾನ್ಯವಾಗಿ ಹೇಳಲಾಗಿದೆಯೇ ಹೊರತು ಪದ್ಯಪದ್ಯವಾಗಿ ಪರೀಕ್ಷಿಸಿ ಹೇಳಿದುದು ವಿರಳ. ಪರೀಕ್ಷೆಗೆ ಸಾಧನವಿಲ್ಲವೆಂದೇನೂ ಅಲ್ಲ. ಪಾಠಶಾಲೆಯ ಬಾಲಕನಿಗೂ ತಿಳಿದಿರುವ ಅನ್ವಯಕ್ರಮವೇ ಆ ಸಾಧನ. ಪದ್ಯದ ಪದಗಳನ್ನು ಗದ್ಯದ ಕ್ರಮದಲ್ಲಿ ಇರಿಸಿ, ಯಾರು ಯಾರನ್ನು ಏನು ಮಾಡಿದರು ಎಂದು ಕೇಳಿದರೆ, ಕವಿಯ ಗೆಲುವೂ ತೊಡಕೂ ಬೇರೆಬೇರೆಯಾಗಿ ಕಾಣಿಸುತ್ತವೆ. ಪ್ರಸ್ತುತ ಲೇಖನದಲ್ಲಿ ಕಾವ್ಯದ ಮೊದಲ ಮೂರು ಪದ್ಯಗಳನ್ನು ಮಾತ್ರ ಈ ದೃಷ್ಟಿಯಿಂದ ಅವಲೋಕಿಸಲಾಗಿದೆ. ಮೂಲಪದ್ಯಗಳು ಓದುಗರ ಬಳಿ ಇರುವುವೆಂದು ಭಾವಿಸಿ, ವಿಚಾರಕ್ಕೆ ಬೇಕಾದ ಪದಗಳನ್ನಷ್ಟೇ ಎತ್ತಿಕೊಂಡಿದ್ದೇನೆ.

1

ಅನ್ವಯದಲ್ಲಿ ಎರಡು ಪದ್ಧತಿಗಳು ಪ್ರಸಿದ್ಧವಾಗಿವೆ. ಕ್ರಿಯಾಪದವನ್ನು ಮೊದಲು ಹಿಡಿದು, ಯಾರು, ಯಾರನ್ನು, ಯಾವುದರಿಂದ, ಎಂಥವನು ಎಂದು ಒಂದೊಂದಾಗಿ ಪ್ರಶ್ನಿಸುತ್ತ ಪದಗಳನ್ನು ಕೂಡಿಸುವುದು ಖಂಡಾನ್ವಯ. ವಿಶೇಷಣಗಳನ್ನು ವಿಶೇಷ್ಯಗಳ ಹಿಂದಿರಿಸಿ, ಕರ್ತೃ, ಕರ್ಮ, ಕ್ರಿಯೆ ಎಂಬ ಕ್ರಮದಿಂದ ಇಡೀ ವಾಕ್ಯವನ್ನು ನೆಟ್ಟಗೆ ಬರೆಯುವುದು ದಂಡಾನ್ವಯ. ಕನ್ನಡ ವಾಕ್ಯವೂ ಕ್ರಿಯೆಯಲ್ಲೇ ಮುಗಿಯುವುದರಿಂದ ದಂಡಾನ್ವಯವು ನಮಗೆ ಸಹಜವಾಗಿ ತೋರುತ್ತದೆ. ಸಂಸ್ಕೃತ ಪದಗಳನ್ನು ಆ ಕ್ರಮದಲ್ಲಿಟ್ಟು ಒಂದೊಂದರ ಮುಂದೆ ಕನ್ನಡದ ಅರ್ಥವನ್ನು ಬರೆದರೆ ಟೀಕೆಯು ತಾನಾಗಿ ಸಿದ್ಧವಾಗುತ್ತದೆ. ಆದರೆ ಸಂದೇಹವುಳ್ಳ ಪದ್ಯಕ್ಕೆ ದಂಡಾನ್ವಯವನ್ನೇ ಮೊದಲು ಮಾಡಹೊರಟರೆ ಮೋಸಹೋಗುವ ಸಂಭವವಿದೆ. ಓದುವವನು ತಾನು ಊಹಿಸಿದ ಅರ್ಥಕ್ಕೆ ತಕ್ಕಂತೆ ಪದಗಳನ್ನು ಸಾಲುಗೂಡಿಸಿಬಿಡುತ್ತಾನೆ. ಖಂಡಾನ್ವಯದಲ್ಲಾದರೋ ಪ್ರತಿಯೊಂದು ಪ್ರಶ್ನೆಗೂ ವಿಭಕ್ತಿಯೇ ಉತ್ತರ ಹೇಳಬೇಕು. ಆದುದರಿಂದ ಮೊದಲು ಪದಚ್ಛೇದ, ಅನಂತರ ಖಂಡಾನ್ವಯ, ಕಡೆಯಲ್ಲಿ ದಂಡಾನ್ವಯ, ಎಲ್ಲ ಮುಗಿದ ಮೇಲೆ ಉಳಿದುಹೋದ ಪದವುಂಟೇ ಎಂಬ ಲೆಕ್ಕ: ಈ ಕ್ರಮವು ಯುಕ್ತವಾದುದು.

2

ಮೊದಲನೆಯ ಪದ್ಯವನ್ನು ತೆಗೆದುಕೊಳ್ಳೋಣ. ಇದರ ಮೊದಲ ಮೂರು ಪಾದಗಳು ಜಿನಸೇನರವು. ನಾಲ್ಕನೆಯದು ಮೇಘದೂತದ ಮೊಟ್ಟಮೊದಲ ಪಾದ. ಪದ್ಯದಲ್ಲಿ ಇರುವ ತಿಙಂತ ಕ್ರಿಯೆ ಒಂದೇ, ‘ನಿದಧ್ಯೌ’. ಇದು ಲಿಟ್ ಲಕಾರದ, ಪ್ರಥಮಪುರುಷ ಏಕವಚನದ ಕರ್ತರಿ ರೂಪ. ಈ ಕ್ರಿಯಾಪದವು ಪೂರ್ವಾರ್ಧದ ಕೊನೆಯಲ್ಲಿದೆ. ಇದರ ಹಿಂದೆ ಯೋಗದ ಏಕಾಗ್ರತೆಯ ಮಾತಿದೆ, ಮರಕತಸ್ತಂಭದ ಶೋಭೆಯ ಮಾತಿದೆ. ಧಾತುವಾದರೋ ಚಿಂತನಾರ್ಥದ ‘ಧ್ಯೈ’. ಅರ್ಧಶ್ಲೋಕದ ದಂಡದಲ್ಲಿ ನಿಂತ ಓದುಗನು, ಯೋಗವೂ ಧ್ಯಾನವೂ ಪಾರ್ಶ್ವಸ್ವಾಮಿಗೆ ಸಲ್ಲತಕ್ಕವು, ಆದುದರಿಂದ ಸ್ವಾಮಿಯೇ ಧ್ಯಾನಿಸಿದನು ಎಂದು ತಿಳಿಯುವುದು ಅಸಹಜವಲ್ಲ. ಇದು ತಪ್ಪೆಂಬುದನ್ನು ಉತ್ತರಾರ್ಧವು ಹೇಳುತ್ತದೆ.

ಯಾರು ನಿದಧ್ಯೌ ಎಂದು ಕೇಳಿದಾಗ ಪ್ರಥಮಾ ವಿಭಕ್ತಿಯ ಪದಗಳನ್ನು ಹುಡುಕಬೇಕು. ‘ದೈತ್ಯಃ’ ಎಂಬುದು ವಿಶೇಷ್ಯ. ‘ವಿಹರನ್’, ‘ದಗ್ಧಃ’, ‘ಪ್ರಮತ್ತಃ’ ಇವು ಅದರ ವಿಶೇಷಣಗಳು. ‘ಕಶ್ಚಿತ್’ ಎಂಬ ಸರ್ವನಾಮವೂ ಅದಕ್ಕೇ ಸೇರುತ್ತದೆ. ಯಾರನ್ನು ಎಂದರೆ ದ್ವಿತೀಯೆಯಲ್ಲಿರುವ ‘ಪಾರ್ಶ್ವಂ’. ಎಂಥವನನ್ನು ಎಂದರೆ ‘ತಸ್ಥಿವಾಂಸಂ’, ನಿಂತಿದ್ದವನನ್ನು. ಹೀಗೆ ನಿದಧ್ಯೌ ಎಂಬುದಕ್ಕೆ ಇಲ್ಲಿ ದಿಟ್ಟಿಸಿ ನೋಡಿದನು ಎಂದು ಅರ್ಥ. ನೋಡಿದವನು ದೈತ್ಯ, ನೋಡಲ್ಪಟ್ಟವನು ಪಾರ್ಶ್ವ. ಸ್ವಾಮಿಯ ಪಾಲಿಗೆ ಈ ಪದ್ಯದಲ್ಲಿ ಬಂದಿರುವ ಏಕೈಕ ವ್ಯಾಪಾರವೆಂದರೆ ನಿಲ್ಲುವುದು. ಅದೂ ಕ್ರಿಯಾಪದವಾಗಿ ಬಾರದೆ ಕೃದಂತವಾಗಿ ಬಂದು, ಕರ್ಮಕ್ಕೆ ವಿಶೇಷಣವಾಗಿ ನಿಂತಿದೆ. ಕಾಯೋತ್ಸರ್ಗದ ನಿಶ್ಚಲತೆಯನ್ನು ಕವಿಯು ವ್ಯಾಕರಣದಲ್ಲೇ ಇರಿಸಿದ್ದಾನೆ.

ಇನ್ನು ತೃತೀಯಾಂತ ಪದಗಳು. ಇವು ಎರಡು ಗುಂಪಾಗಿವೆ. ‘ಮೂರ್ತ್ಯಾ’ ಎಂಬುದು ಸ್ತ್ರೀಲಿಂಗ. ‘ವಹಂತ್ಯಾ’ ಎಂಬುದೂ ಸ್ಥಿರತೆಯನ್ನು ಹೇಳುವ ಇನ್ನೊಂದು ಸ್ತ್ರೀಲಿಂಗ ಪದವೂ ಅದರ ವಿಶೇಷಣಗಳು. ಕ್ರಿಯೆಯು ಕರ್ತರಿಯಾದುದರಿಂದ ಈ ತೃತೀಯೆಯು ಕರ್ತೃವನ್ನು ಹೇಳಲಾರದು; ಇಂಥ ಶರೀರದೊಡನೆ ನಿಂತಿದ್ದವನು ಎಂದು ತಸ್ಥಿವಾಂಸಂ ಪದಕ್ಕೆ ಕೂಡುತ್ತದೆ. ಎರಡನೆಯ ಗುಂಪಿನಲ್ಲಿ ‘ಬದ್ಧವೈರೇಣ’ ಮತ್ತು ‘ಕಾಂತಾವಿರಹಗುರುಣಾ’ ಎಂಬ ಎರಡು ಪದಗಳಿವೆ. ಇವು ಸ್ತ್ರೀಲಿಂಗವಲ್ಲವಾದುದರಿಂದ ಮೂರ್ತಿಗೆ ಸೇರವು. ಇವುಗಳನ್ನು ಬೇಡುವ ಪದ ‘ದಗ್ಧಃ’. ಅದು ಕರ್ಮಣಿಯಲ್ಲಿರುವ ಕ್ತಾಂತ. ಸುಡಲ್ಪಟ್ಟವನು ಎಂದಾಗ ಯಾವುದರಿಂದ ಎಂಬ ಆಕಾಂಕ್ಷೆ ಏಳುತ್ತದೆ. ಉತ್ತರ, ಕಾಂತಾವಿರಹದಿಂದ ಭಾರವಾದ, ಕಟ್ಟಿಕೊಂಡ ವೈರದಿಂದ.

ಈಗ ದಂಡಾನ್ವಯವನ್ನು ಕನ್ನಡದಲ್ಲಿ ಇಡಬಹುದು. ಆಕಾಶದಲ್ಲಿ ಸಂಚರಿಸುತ್ತಿದ್ದವನೂ, ಕಾಂತೆಯ ಅಗಲಿಕೆಯಿಂದ ಭಾರವಾದ ಬದ್ಧವೈರದಿಂದ ಬೆಂದವನೂ, ತನ್ನ ಅಧಿಕಾರದಲ್ಲಿ ಎಚ್ಚರದಪ್ಪಿದವನೂ ಆದ ಒಬ್ಬ ದೈತ್ಯನು, ಮರಕತಸ್ತಂಭದ ಶೋಭೆಯನ್ನು ತಳೆದು ಯೋಗದ ಏಕಾಗ್ರತೆಯಿಂದ ಅತ್ಯಂತ ನಿಶ್ಚಲವಾದ ಶ್ರೀಯುಕ್ತ ಶರೀರದೊಡನೆ ನಿಂತಿದ್ದ ಪಾರ್ಶ್ವನನ್ನು ದಿಟ್ಟಿಸಿ ನೋಡಿದನು. ಒಂದು ಪದವೂ ಉಳಿಯಲಿಲ್ಲ; ಹೊರಗಿನಿಂದ ಒಂದು ಪದವನ್ನೂ ತರಬೇಕಾಗಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನೋಡುವ ಕ್ರಿಯೆಯಲ್ಲಿ ದೈತ್ಯನು ಕರ್ತೃ. ಸುಡುವ ಕ್ರಿಯೆಯಲ್ಲಿ ಅದೇ ದೈತ್ಯನು ಕರ್ಮ. ಸುಡುವುದು ಅವನದೇ ವೈರ. ಪೀಡಿಸಲು ಬಂದವನು ಮೊದಲೇ ಪೀಡಿತನಾಗಿದ್ದಾನೆ. ಇದನ್ನು ತೋರಿಸುವುದು ‘ಬದ್ಧವೈರ’ ಪದದ ಸಮಾಸನಿರ್ಣಯ. ಬದ್ಧವಾದ ವೈರ ಎಂದು ಕರ್ಮಧಾರಯವಾಗಿ ಹಿಡಿದರೆ ಮೇಲೆ ಹೇಳಿದ ಅರ್ಥ. ಯಾರಿಂದ ವೈರವು ಕಟ್ಟಲ್ಪಟ್ಟಿದೆಯೋ ಅವನು ಎಂದು ಬಹುವ್ರೀಹಿಯಾಗಿ ಹಿಡಿದರೆ, ವೈರ ಸಾಧಿಸುವ ಇನ್ನೊಬ್ಬನು ದೈತ್ಯನನ್ನು ಸುಟ್ಟಂತಾಗುತ್ತದೆ. ಪದ್ಯದಲ್ಲಿ ಇನ್ನೊಬ್ಬನಿರುವುದು ಪಾರ್ಶ್ವಸ್ವಾಮಿ ಮಾತ್ರ. ವೀತರಾಗತೆಯ ಹಾದಿಯಲ್ಲಿರುವ ಜಿನನಿಗೆ ವೈರವನ್ನು ಆರೋಪಿಸುವುದು ಸಿದ್ಧಾಂತಕ್ಕೂ ಕಥೆಗೂ ವಿರುದ್ಧ. ಭವಭವಾಂತರಗಳಲ್ಲಿ ವೈರವನ್ನು ಹಿಡಿದುಕೊಂಡು ಬಂದವನು ಕಮಠನ ಜೀವವೇ ಹೊರತು ಮರುಭೂತಿಯ ಜೀವವಲ್ಲ. ವ್ಯಾಕರಣವು ಎರಡು ಸಮಾಸಗಳಿಗೂ ಎಡೆಗೊಡುತ್ತದೆ. ಯೋಗ್ಯತೆಯು ಒಂದನ್ನು ತಳ್ಳುತ್ತದೆ. ಅನ್ವಯವೆಂದರೆ ಪದಗಳನ್ನು ಸಾಲಾಗಿಡುವುದು ಮಾತ್ರವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

3

ಇದೇ ಪಾದವು ಮೇಘದೂತದಲ್ಲಿ ಏನು ಮಾಡುತ್ತಿತ್ತು? ಅಲ್ಲಿ ‘ಕಶ್ಚಿತ್’ ಎಂಬುದರ ವಿಶೇಷ್ಯವು ಮೂರನೆಯ ಪಾದದಲ್ಲಿ ಬರುವ ಯಕ್ಷ. ‘ಕಾಂತಾವಿರಹಗುರುಣಾ’ ಎಂಬುದರ ವಿಶೇಷ್ಯವು ಎರಡನೆಯ ಪಾದದಲ್ಲಿ ಬರುವ ಶಾಪ. ಅಂದರೆ ಕಾಳಿದಾಸನ ಮೊದಲ ಪಾದದಲ್ಲಿ ಇರುವುದೆಲ್ಲ ವಿಶೇಷಣಗಳೇ. ಅವುಗಳ ವಿಶೇಷ್ಯಗಳು ಮುಂದಿನ ಪಾದಗಳಲ್ಲಿವೆ. ಜಿನಸೇನರು ಈ ಪಾದವನ್ನು ತಮ್ಮ ಪದ್ಯದ ಕೊನೆಗೆ ಇಟ್ಟಿದ್ದಾರೆ. ಆದುದರಿಂದ ವಿಶೇಷ್ಯಗಳನ್ನು ಹಿಂದಿನ ಪಾದದಲ್ಲೇ ಒದಗಿಸಬೇಕಾಯಿತು. ಪುಲ್ಲಿಂಗ ಪ್ರಥಮೈಕವಚನದ ಒಂದು ವಿಶೇಷ್ಯ ಬೇಕು: ದೈತ್ಯ. ಪುಲ್ಲಿಂಗ ಅಥವಾ ನಪುಂಸಕದ ತೃತೀಯೈಕವಚನದ ಒಂದು ವಿಶೇಷ್ಯ ಬೇಕು: ವೈರ. ಪರಪಾದದಲ್ಲಿನ ಒಂದಕ್ಷರವನ್ನೂ ಕದಲಿಸದೆ, ಎರಡು ವಿಶೇಷ್ಯಗಳನ್ನು ಬದಲಿಸಿ ಶೃಂಗಾರದ ವಾಕ್ಯವನ್ನು ವೈರದ ವಾಕ್ಯವನ್ನಾಗಿ ತಿರುಗಿಸಿದ್ದು ಈ ಪದ್ಯದ ಶಿಲ್ಪ. ವಿರಹದಿಂದ ಅಲ್ಲಿ ಶಾಪವು ದುಸ್ಸಹವಾಯಿತು. ಇಲ್ಲಿ ವೈರವು ಭಾರವಾಯಿತು.

ಒಂದು ಪದದಲ್ಲಿ ಮಾತ್ರ ಬಲ ಕುಗ್ಗಿದೆಯೆಂದು ನನಗೆ ತೋರುತ್ತದೆ. ಅಧಿಕಾರದಲ್ಲಿ ಪ್ರಮತ್ತನಾದುದು ಮೇಘದೂತದಲ್ಲಿ ಶಾಪಕ್ಕೆ ಕಾರಣ. ಆ ಹೇತುವಿಲ್ಲದಿದ್ದರೆ ಕಥೆಯೇ ಇಲ್ಲ. ಇಲ್ಲಿಯಾದರೋ ಅದು ದೈತ್ಯನ ಸ್ವಭಾವವನ್ನು ಹೇಳುವ ವಿಶೇಷಣಗಳಲ್ಲಿ ಒಂದಾಗಿ ನಿಲ್ಲುತ್ತದೆ, ಯಾವುದಕ್ಕೂ ಹೇತುವಾಗುವುದಿಲ್ಲ. ಅನ್ವಯವು ಕೂಡುತ್ತದೆ, ಆದರೆ ಪದವು ಮೊದಲಿನಷ್ಟು ದುಡಿಯುವುದಿಲ್ಲ.

4

ಎರಡನೆಯ ಪದ್ಯದ ಕೊನೆಯಲ್ಲಿ ಮೇಘದೂತದ ಎರಡನೆಯ ಪಾದವಿದೆ. ಕ್ರಿಯೆಗಳು ಇಲ್ಲಿ ಎರಡು: ‘ಪ್ರೇಕ್ಷಾಂಚಕ್ರೇ’ ಎಂಬುದು ಪ್ರಧಾನವಾಕ್ಯದ್ದು, ‘ಅಭೂತ್’ ಎಂಬುದು ಯಚ್ಛಬ್ದದಿಂದ ಬಂದ ಉಪವಾಕ್ಯದ್ದು. ಇದಲ್ಲದೆ ಮೊದಲಲ್ಲಿ ಸತಿಸಪ್ತಮಿಯೊಂದಿದೆ. ಸ್ವಾಮಿಯ ಮಹಿಮೆಯಿಂದ ದೈತ್ಯನ ವಿಮಾನವು ನಿಂತುಬಿಟ್ಟಿತೆಂಬುದು ಅದರ ಅರ್ಥ. ಸತಿಸಪ್ತಮಿಯ ಕರ್ತೃ ವಿಮಾನ. ಅದನ್ನು ಪ್ರಧಾನವಾಕ್ಯದ ಕರ್ತೃವಿನೊಡನೆ ಬೆರೆಸಬಾರದು. ಇಲ್ಲಿಯೇ ಇರುವ ‘ಸಮಾನಃ’ ಎಂಬ ಪದವು ಪದಚ್ಛೇದದಲ್ಲಿ ಎಡವಿಸುತ್ತದೆ. ಸದೃಶನೆಂದು ತಿಳಿದರೆ ಯಾರಿಗೆ ಸದೃಶ ಎಂಬ ಪ್ರಶ್ನೆಗೆ ಉತ್ತರವಿಲ್ಲ. ‘ಸಃ’ ಮತ್ತು ‘ಮಾನಃ’ ಎಂದು ಬಿಡಿಸಿದರೆ ಮಾನವೇ ನೋಡಿದಂತಾಗುತ್ತದೆ. ಮಾನದೊಡನೆ ಕೂಡಿದವನು, ಅಂದರೆ ಮಾನಕಷಾಯವುಳ್ಳವನು ಎಂಬ ಬಹುವ್ರೀಹಿಯೇ ಸರಿ. ‘ವಿಭಂಗಾತ್’ ಎಂಬ ಪಂಚಮಿಯನ್ನು ವಿಭಂಗಜ್ಞಾನವೆಂಬ ಶಾಸ್ತ್ರಾರ್ಥ ತಿಳಿಯದವನು ಕೂಡಿಸಲಾರನು. ಭಂಗದಿಂದ ಎಂದು ತಿಳಿದು ವಿಮಾನಕ್ಕೆ ಹತ್ತಿಸಿಬಿಟ್ಟಾನು. ಮಿಥ್ಯಾದೃಷ್ಟಿಯ ಅವಧಿಯಾದ ವಿಭಂಗದಿಂದ ಪೂರ್ವಸ್ಮೃತಿಯನ್ನು ಪಡೆದವನು ಎಂದು ಅದು ‘ಲಬ್ಧಸಂಜ್ಞಃ’ ಎಂಬುದಕ್ಕೆ ಸೇರುತ್ತದೆ. ಹೀಗೆ ಪ್ರಧಾನವಾಕ್ಯದಲ್ಲಿ ಅವನು ಹುಬ್ಬುಗಂಟಿಕ್ಕಿ ನೋಡಿದನೆಂದಾಯಿತು. ಯಾರನ್ನು ಎಂಬ ಕರ್ಮಪದವು ಪದ್ಯದಲ್ಲಿಲ್ಲ. ಹಿಂದಿನ ಪದ್ಯದ ಪಾರ್ಶ್ವನನ್ನು ಅನುವರ್ತಿಸಿಕೊಳ್ಳಬೇಕು.

ಉಪವಾಕ್ಯದಲ್ಲಿ ನಿಜವಾದ ತೊಡಕು ಇದೆ. ‘ಕಲತ್ರೇಣ’, ‘ವಿಯುತಪತಿನಾ’, ‘ಶಾಪೇನ’, ‘ವರ್ಷಭೋಗ್ಯೇಣ’ ಎಂದು ನಾಲ್ಕು ತೃತೀಯಾಂತಗಳಿವೆ. ಕಲತ್ರವು ನಪುಂಸಕ, ಶಾಪವು ಪುಲ್ಲಿಂಗ. ಆದರೆ ತೃತೀಯೈಕವಚನದಲ್ಲಿ ಈ ಎರಡು ಲಿಂಗಗಳಿಗೂ ರೂಪಭೇದವಿಲ್ಲ. ಪತಿಯನ್ನು ಅಗಲಿದ ಎಂಬ ವಿಶೇಷಣವು ಶಾಪಕ್ಕೆ ಸೇರಲಾರದೆಂದು ನಿರ್ಣಯಿಸುವುದು ಅರ್ಥಬಲದಿಂದಲೇ. ಹಾಗೆಯೇ ‘ಭ್ರಾತುಃ’ ಎಂಬ ರೂಪವು ಪಂಚಮಿಗೂ ಷಷ್ಠಿಗೂ ಒಂದೇ. ಅದರ ಮೊದಲು ಬಂದ ‘ಜ್ಯಾಯಾನ್’ ಪದಕ್ಕೆ ಸೇರಿಸಿದರೆ ತಮ್ಮನಿಗಿಂತ ಹಿರಿಯನು ಎಂದಾಗುತ್ತದೆ. ಕಲತ್ರಕ್ಕೆ ಸೇರಿಸಿದರೆ ತಮ್ಮನ ಹೆಂಡತಿ ಎಂದಾಗುತ್ತದೆ. ಕಲತ್ರಕ್ಕೆ ಸೇರಿಸದೆ ಹೋದರೆ ಯಾರ ಹೆಂಡತಿಯ ಕಾರಣದಿಂದ ಅವನು ಕೆಟ್ಟನೆಂಬುದು ತಿಳಿಯದೆ, ಕಮಠನ ಅಪರಾಧವೇ ಮರೆಯಾಗುತ್ತದೆ. ಆದುದರಿಂದ ಷಷ್ಠಿಯು ಅವಶ್ಯ. ಜ್ಯಾಯಾನ್ ಎಂಬುದಕ್ಕೂ ಬೇಕಾದರೆ ಕಾಕಾಕ್ಷಿಗೋಲಕನ್ಯಾಯದಿಂದ ಒಂದೇ ಪದವನ್ನು ಎರಡೂ ಕಡೆಗೆ ಕೂಡಿಸಬಹುದು. ಕಲತ್ರದ ತೃತೀಯೆ ಹೇತುವಿನಲ್ಲಿ, ಶಾಪದ ತೃತೀಯೆ ಮಹಿಮೆಯನ್ನು ಕಂದಿಸುವ ಕರ್ತೃವಿನಲ್ಲಿ. ಮೊದಲು ಯಾವ ಹಿರಿಯನು ತಮ್ಮನ ವಿಯೋಗಿನಿಯಾದ ಹೆಂಡತಿಯ ನಿಮಿತ್ತವಾಗಿ, ಒಡೆಯನ ವರ್ಷಭೋಗ್ಯವಾದ ಶಾಪದಿಂದ ಮಹಿಮೆ ಅಸ್ತಂಗತವಾದವನು ಆದನೋ ಅವನು, ಎಂದು ಉಪವಾಕ್ಯವು ನೆಟ್ಟಗಾಗುತ್ತದೆ.

‘ಭರ್ತುಃ’ ಎಂಬ ಪದವು ಅಲ್ಲಿ ಕುಬೇರನನ್ನು ಹೇಳುತ್ತಿತ್ತು. ಇಲ್ಲಿ ಕಮಠನನ್ನು ಹೊರಗಟ್ಟಿದ ಅರವಿಂದರಾಜನನ್ನು ಹೇಳುತ್ತದೆ. ವಿಭಕ್ತಿಯೂ ಸಂಬಂಧವೂ ಅವೇ. ವ್ಯಕ್ತಿ ಮಾತ್ರ ಬೇರೆ. ಇದು ನಿರಾಯಾಸವಾಗಿ ಹೊಂದಿದೆ. ‘ವರ್ಷಭೋಗ್ಯೇಣ’ ಎಂಬುದು ಹಾಗೆ ಹೊಂದಿಲ್ಲ. ಯಕ್ಷನ ಕಥೆಗೆ ಒಂದು ವರ್ಷದ ಅವಧಿಯೇ ಅಡಿಗಲ್ಲು; ಉಳಿದ ತಿಂಗಳುಗಳನ್ನು ಎಣಿಸುತ್ತಲೇ ಆ ಕಾವ್ಯ ನಡೆಯುತ್ತದೆ. ಕಮಠನ ಬಹಿಷ್ಕಾರಕ್ಕೆ ಅಂಥ ಅವಧಿ ಕಥೆಯ ನಡೆಗೆ ಬೇಕಾದುದಲ್ಲ. ವ್ಯಾಕರಣದ ಅನ್ವಯವು ಪೂರ್ಣವಾದರೂ ಕಥೆಯಲ್ಲಿ ಈ ಪದವು ಉಳಿದುಹೋಗುತ್ತದೆ. ಕ್ಲಿಷ್ಟತೆಯ ಆಕ್ಷೇಪವನ್ನು ಎತ್ತುವವರು ಇಂಥ ಪದವನ್ನು ಬೆರಳಿಟ್ಟು ತೋರಿಸಿದರೆ ಅದನ್ನು ಒಪ್ಪಬಹುದು.

5

ಮೂರನೆಯ ಪದ್ಯದಿಂದ ಒಂದೇ ಅಂಶವನ್ನು ಎತ್ತಿಕೊಳ್ಳುತ್ತೇನೆ. ಮೇಘದೂತದ ಮೂರನೆಯ ಪಾದದಲ್ಲಿ ಕರ್ತೃ ಯಕ್ಷ, ಕ್ರಿಯೆ ‘ಚಕ್ರೇ’. ಅದರ ಕರ್ಮವಾದ ‘ವಸತಿಂ’ ಎಂಬುದು ನಾಲ್ಕನೆಯ ಪಾದದಲ್ಲಿದೆ. ಪಾರ್ಶ್ವಾಭ್ಯುದಯದ ಈ ಪದ್ಯಕ್ಕೆ ಮೂರನೆಯ ಪಾದ ಮಾತ್ರ ಬಂದುದರಿಂದ ಸಕರ್ಮಕ ಕ್ರಿಯೆಯೊಂದು ಕರ್ಮವಿಲ್ಲದೆ ಬಂದಂತಾಯಿತು. ಜಿನಸೇನರು ತಮ್ಮ ಪಾದದಲ್ಲಿ ‘ತಪಸ್ಯಾಂ’ ಎಂಬ ಕರ್ಮವನ್ನು ಕೊಟ್ಟರು. ಅಲ್ಲಿ ವಾಸ ಮಾಡಿದನು. ಇಲ್ಲಿ ಕಪಟಮನಸ್ಸಿನಿಂದ ತಪಸ್ಸು ಮಾಡಿದನು. ಕಮಠನ ಕುತಪಸ್ಸಿನ ಪ್ರಸಂಗಕ್ಕೆ ಇದಕ್ಕಿಂತ ಉಚಿತವಾದ ಕರ್ಮಪದವನ್ನು ಊಹಿಸುವುದು ಕಷ್ಟ.

ಇದರಿಂದ ಇನ್ನೊಂದು ವಿಷಯವೂ ನಿಶ್ಚಿತವಾಗುತ್ತದೆ. ಪಾರ್ಶ್ವಾಭ್ಯುದಯಕ್ಕೆ ಟೀಕೆ ಬರೆದ ಯೋಗಿರಾಟ್ ಪಂಡಿತಾಚಾರ್ಯರು ಒಂದು ಐತಿಹ್ಯವನ್ನು ಹೇಳಿದ್ದಾರೆ. ಕಾಳಿದಾಸನು ಅಮೋಘವರ್ಷನ ಆಸ್ಥಾನಕ್ಕೆ ಬಂದು ಮೇಘದೂತವನ್ನು ಓದಿದಾಗ, ಜಿನಸೇನರು ಅದು ಹಳೆಯ ಕಾವ್ಯದಿಂದ ಕದ್ದುದೆಂದು ಹೇಳಿ, ಆ ಮಾತಿಗೆ ಆಧಾರವಾಗಿ ಈ ಕಾವ್ಯವನ್ನು ರಚಿಸಿ ತೋರಿಸಿದರೆಂಬುದು ಆ ಕಥೆ. 634ರ ಐಹೊಳೆಯ ಶಾಸನದಲ್ಲಿ ಜೈನಕವಿ ರವಿಕೀರ್ತಿಯು ಕಾಳಿದಾಸನ ಹೆಸರನ್ನು ಎತ್ತಿರುವುದರಿಂದ ಕಾಲದೃಷ್ಟಿಯಿಂದ ಇದು ನಿಲ್ಲದು. ಆ ಶಾಸನವು ದೊರೆಯದೆ ಹೋಗಿದ್ದರೂ ಅನ್ವಯವೊಂದೇ ಸಾಕಾಗಿತ್ತು. ಶಾಪವೆಂಬ ವಿಶೇಷ್ಯವೂ ಅದರ ವಿಶೇಷಣವೂ, ಚಕ್ರೇ ಎಂಬ ಕ್ರಿಯೆಯೂ ಅದರ ಕರ್ಮವೂ ಮೇಘದೂತದಲ್ಲಿ ಒಂದೇ ಶ್ಲೋಕದಲ್ಲಿ ಕೂಡಿವೆ. ಅವು ಬೇರೆ ಬೇರೆ ಪದ್ಯಗಳಿಗೆ ಹಂಚಿಹೋಗಿ, ಹೊಸ ಜೊತೆಗಳನ್ನು ಪಡೆದುದು ಪಾರ್ಶ್ವಾಭ್ಯುದಯದಲ್ಲಿ. ಉಳಿದುಹೋದ ‘ವರ್ಷಭೋಗ್ಯ’ ಪದವೂ ಮೂಲವು ಯಾವುದೆಂಬುದನ್ನು ಹೇಳುತ್ತದೆ. ಐತಿಹ್ಯವನ್ನು ಬಿಟ್ಟುಕೊಟ್ಟರೆ ಜಿನಸೇನರ ಹಿರಿಮೆಗೆ ಕುಂದಿಲ್ಲ. ಅನ್ವಯವನ್ನು ಬದಲಿಸಿದ ಅವರ ಸಾಮರ್ಥ್ಯವು ಸ್ಪಷ್ಟವಾಗಿ ಕಾಣುವುದು ಹಾಗೆ ಬಿಟ್ಟುಕೊಟ್ಟಾಗಲೇ.

6

ಹಸ್ತಪ್ರತಿಗಳನ್ನು ಸಂಪಾದಿಸುವವರಿಗೆ ಇದರಿಂದ ಆಗುವ ಪ್ರಯೋಜನವನ್ನು ಹೇಳಿ ಮುಗಿಸಬಹುದು. ತಾಳೆಯೋಲೆಗಳಲ್ಲಿ ಪದಗಳ ನಡುವೆ ತೆರಪಿಲ್ಲ. ಸೊನ್ನೆ ವಿಸರ್ಗಗಳು ಬೀಳುವುದೂ ಹೆಚ್ಚುವುದೂ ಸಾಮಾನ್ಯ. ಮೊದಲ ಪದ್ಯದ ‘ಪಾರ್ಶ್ವಂ’ ಎಂಬಲ್ಲಿನ ಸೊನ್ನೆ ಬಿದ್ದುಹೋಯಿತೆನ್ನೋಣ. ಪಾರ್ಶ್ವವೂ ದೈತ್ಯವೂ ಸಮಾಸವಾಗಿ ಕರ್ಮಪದವೇ ಇಲ್ಲದಂತಾಗುತ್ತದೆ. ತಸ್ಥಿವಾಂಸಂ ಎಂಬ ವಿಶೇಷಣ ವಿಶೇಷ್ಯವಿಲ್ಲದೆ ನಿಲ್ಲುತ್ತದೆ. ಇಲ್ಲಿ ಛಂದಸ್ಸೂ ಎಚ್ಚರಿಸುತ್ತದೆ. ಮಂದಾಕ್ರಾಂತದ ಮೊದಲ ನಾಲ್ಕು ಅಕ್ಷರಗಳು ಗುರುವಾಗಿರಬೇಕಾದಲ್ಲಿ ಎರಡನೆಯದು ಲಘುವಾಗುತ್ತದೆ. ಆದರೆ ‘ಮೂರ್ತ್ಯಾ’ ಎಂಬುದರ ಮೇಲೆ ಒಂದು ಸೊನ್ನೆ ಹೆಚ್ಚಾಗಿ ಬಿದ್ದರೆ ಛಂದಸ್ಸು ಸುಮ್ಮನಿರುತ್ತದೆ, ಏಕೆಂದರೆ ದೀರ್ಘವು ಮೊದಲೇ ಗುರು. ತೃತೀಯೆಯು ಸಪ್ತಮಿಯಾಗಿ, ವಿಶೇಷಣಗಳೊಡನೆ ಹೊಂದಿಕೆ ತಪ್ಪಿತೆಂಬುದನ್ನು ಕಂಡುಹಿಡಿಯುವುದು ಅನ್ವಯ ಮಾತ್ರ.

ಈ ಕಾವ್ಯವು ಮೇಘದೂತದ ಪಾಠಕ್ಕೆ ಒಂಬತ್ತನೆಯ ಶತಮಾನದ ಸಾಕ್ಷಿಯೂ ಹೌದು. ಕೆ. ಬಿ. ಪಾಠಕರು 1894ರಲ್ಲಿ ಇದರ ಆಧಾರದಿಂದಲೇ ಮೇಘದೂತವನ್ನು ಸಂಪಾದಿಸಿ ಪ್ರಕಟಿಸಿದರು. ಆ ಸಾಕ್ಷಿ ಕೆಡಬಾರದೆಂದಾದರೆ, ಪಾರ್ಶ್ವಾಭ್ಯುದಯದ ಪ್ರತಿಯಲ್ಲಿ ಕಾಳಿದಾಸನ ಪಾದವು ನಮಗೆ ರೂಢಿಯಾದ ಪಾಠಕ್ಕಿಂತ ಬೇರೆಯಾಗಿ ಕಂಡಾಗ, ಅಚ್ಚಿನ ಮೇಘದೂತವನ್ನು ನೋಡಿ ತಿದ್ದಬಾರದು. ಮೊದಲು ಜಿನಸೇನರ ಪಾದಗಳೊಡನೆ ಅದರ ಅನ್ವಯವನ್ನು ಮಾಡಿ ನೋಡಬೇಕು. ಪಾಠಾಂತರವು ವಿಭಕ್ತಿಯಲ್ಲೋ ಲಿಂಗದಲ್ಲೋ ಭೇದವುಳ್ಳದ್ದಾದರೆ ಸುತ್ತಲಿನ ಪಾದಗಳು ಒಂದನ್ನು ಒಪ್ಪಿ ಇನ್ನೊಂದನ್ನು ತಳ್ಳುತ್ತವೆ. ಆದರೆ ಇದಕ್ಕೆ ಮಿತಿಯುಂಟು. ಆಷಾಢದ ವರ್ಣನೆಯಲ್ಲಿ ‘ಪ್ರಥಮದಿವಸೇ’ ಎಂದೋ ‘ಪ್ರಶಮದಿವಸೇ’ ಎಂದೋ ಎಂಬ ಪ್ರಸಿದ್ಧ ವಿವಾದದಲ್ಲಿ ಎರಡೂ ಸಪ್ತಮಿಗಳೇ, ಎರಡರ ಮಾತ್ರೆಯೂ ಒಂದೇ. ಅಂಥಲ್ಲಿ ಅನ್ವಯವು ಮೌನವಾಗಿರುತ್ತದೆ. ಪ್ರತಿಗಳ ಬಲಾಬಲವನ್ನೇ ನೋಡಬೇಕು.

ಮೂರು ಪದ್ಯಗಳಿಂದ 364 ಪದ್ಯಗಳ ಕಾವ್ಯವನ್ನು ತೂಗುವುದು ಸಲ್ಲದು. ಈ ಮೂರರಲ್ಲಿ ಆರೋಪಿತವಾದ ಕ್ಲಿಷ್ಟತೆಯು ಎರಡು ಪದಗಳಲ್ಲಿ ಮಾತ್ರ ಕಂಡುಬಂದಿತು. ಉಳಿದೆಡೆ ಕರ್ತೃ ಕರ್ಮ ಕ್ರಿಯೆಗಳು ನೆಟ್ಟಗೆ ಕೂಡಿದುವು. ಎರಡು ಪಾದಗಳನ್ನು ಒಟ್ಟಿಗೆ ತಂದಿರುವ ಪದ್ಯಗಳಲ್ಲಿ, ಮುಖ್ಯವಾಗಿ ಅಲಕಾಪುರಿಯ ವರ್ಣನೆಯ ಭಾಗದಲ್ಲಿ, ಉಳಿದುಹೋಗುವ ಪದಗಳು ಹೆಚ್ಚೋ ಕಡಿಮೆಯೋ ಎಂಬುದನ್ನು ಇದೇ ಕ್ರಮದಿಂದ ಎಣಿಸಬಹುದಾಗಿದೆ. ಬಹುವ್ರೀಹಿ ಕರ್ಮಧಾರಯಗಳ ನಿರ್ಣಯದಲ್ಲಿಯೂ ‘ಭ್ರಾತುಃ’ ಪದದ ಸಂಬಂಧದಲ್ಲಿಯೂ ನಾನು ಹೇಳಿರುವುದರಲ್ಲಿ ದೋಷವಿದ್ದರೆ ವಿದ್ವಜ್ಜನರು ತಿದ್ದಬೇಕಾಗಿ ವಿನಂತಿ.